ಜೋಸೆಫಸ್ ಸಮಸ್ಯೆ: ಒಬ್ಬರನ್ನು ಬಿಟ್ಟು ಒಬ್ಬರು ಹೊರಗೆ ಹೋದರೆ ಉಳಿಯುವವರು ಯಾರು?

ಒಂದಷ್ಟು ಜನ ವೃತ್ತಾಕಾರವಾಗಿ ನಿಂತಿದ್ದಾರೆ. ಅವರಿಗೆ 1, 2, 3 ಎಂದು ಸಾಲಾಗಿ ಸಂಖ್ಯೆ ಕೊಟ್ಟಿದೆ. 1ನೆಯವರನ್ನು ಬಿಟ್ಟು 2ನೆಯವರನ್ನು ಹೊರಗೆ ಕಳಿಸುತ್ತಾರೆ, 3ನೆಯವರನ್ನು ಬಿಟ್ಟು 4ನೆಯವರನ್ನು ಕಳಿಸುತ್ತಾರೆ. ಸುತ್ತು ಮುಗಿದರೂ ಎಣಿಕೆ ನಿಲ್ಲುವುದಿಲ್ಲ. ಇನ್ನೂ ನಿಂತಿರುವವರಲ್ಲಿ ಅದೇ ಕ್ರಮದಲ್ಲಿ ಒಬ್ಬರನ್ನು ಬಿಟ್ಟು ಒಬ್ಬರನ್ನು ತೆಗೆಯುತ್ತ ಹೋಗುತ್ತಾರೆ. ಕೊನೆಗೆ ಒಬ್ಬರು ಮಾತ್ರ ಉಳಿಯುತ್ತಾರೆ. ಅವರ ಸಂಖ್ಯೆ ಯಾವುದೆಂದು ಆಟ ಶುರುವಾಗುವ ಮೊದಲೇ ಹೇಳುವುದು ಈ ಸಮಸ್ಯೆ. ಗಣಿತದಲ್ಲಿ ಇದಕ್ಕೆ ಜೋಸೆಫಸ್ ಸಮಸ್ಯೆ ಎಂದು ಹೆಸರು. ಮೂರನೆಯವರನ್ನೋ ಒಂಬತ್ತನೆಯವರನ್ನೋ ತೆಗೆಯುವ ರೂಪಗಳೂ ಇವೆ. ಆದರೆ ಎರಡನೆಯವರನ್ನು ತೆಗೆಯುವ ರೂಪಕ್ಕೆ ಮಾತ್ರ ಕಾಗದ ಪೆನ್ಸಿಲ್ ಇಲ್ಲದೆ ಬಾಯಲ್ಲೇ ಲೆಕ್ಕ ಹಾಕಬಹುದಾದ ಉತ್ತರವಿದೆ. ಈ ಲೇಖನ ಮುಖ್ಯವಾಗಿ ಆ ರೂಪವನ್ನು ಕುರಿತದ್ದು.

ಹೆಸರಿನ ಹಿಂದಿನ ಘಟನೆ

ಜೋಸೆಫಸ್ ಒಂದನೆಯ ಶತಮಾನದ ಯಹೂದಿ ಇತಿಹಾಸಕಾರ. ರೋಮನ್ನರ ವಿರುದ್ಧ ಯಹೂದಿಗಳು ದಂಗೆ ಎದ್ದಾಗ ಗಲಿಲೀ ಪ್ರಾಂತದ ರಕ್ಷಣೆಯ ಹೊಣೆ ಅವನ ಮೇಲಿತ್ತು. ಕ್ರಿ.ಶ. 67ರಲ್ಲಿ ವೆಸ್ಪಾಸಿಯನ್ ನೇತೃತ್ವದ ರೋಮನ್ ಸೈನ್ಯ ಯೋದ್ಫಾತ್ ಎಂಬ ಬೆಟ್ಟದೂರಿಗೆ ಮುತ್ತಿಗೆ ಹಾಕಿತು. ಜೋಸೆಫಸನೇ ಬರೆದಿರುವಂತೆ ಊರು 47 ದಿನ ತಡೆದುಕೊಂಡು ನಂತರ ಬಿತ್ತು. ಅವನು ಒಂದು ಆಳವಾದ ಗುಂಡಿಯ ಪಕ್ಕಕ್ಕೆ ತೆರೆದುಕೊಂಡಿದ್ದ ಗುಹೆಯಲ್ಲಿ ಅಡಗಿದ. ಅಲ್ಲಿ ಆಗಲೇ 40 ಮಂದಿ ಇದ್ದರು. ಅಡಗುತಾಣ ಪತ್ತೆಯಾಗಿ, ಶರಣಾದರೆ ಜೀವ ಉಳಿಸುವುದಾಗಿ ರೋಮನ್ನರು ಹೇಳಿಕಳಿಸಿದಾಗ ಜೋಸೆಫಸ್ ಒಪ್ಪಲು ಸಿದ್ಧನಾದ. ಜತೆಗಿದ್ದವರು ಒಪ್ಪಲಿಲ್ಲ, ಸಾಯುವುದೇ ಮೇಲೆಂದರು. ಆಗ ಅವನು ಚೀಟಿ ಎತ್ತೋಣ, ಒಬ್ಬನನ್ನು ಮುಂದಿನವನು ಕೊಲ್ಲುತ್ತ ಹೋಗಲಿ, ಯಾರೂ ತಮ್ಮ ಕೈಯಿಂದ ತಾವೇ ಸಾಯಬೇಕಾಗಿಲ್ಲ ಎಂದು ಸೂಚಿಸಿದ. ಕೊನೆಯಲ್ಲಿ ಅವನೂ ಇನ್ನೊಬ್ಬನೂ ಉಳಿದರು. ಆ ಇನ್ನೊಬ್ಬನ ಮನವೊಲಿಸಿ ಇಬ್ಬರೂ ಶರಣಾದರು.

ಅವನ ಗ್ರೀಕ್ ಗ್ರಂಥ ‘ಯಹೂದಿ ಯುದ್ಧ’ದ ಮೂರನೆಯ ಸಂಪುಟದಲ್ಲಿ ಇರುವುದು ಇಷ್ಟೇ. ಅಲ್ಲಿ ವೃತ್ತವಿಲ್ಲ, ಎರಡು ಮೂರು ಎಂಬ ಎಣಿಕೆಯೂ ಇಲ್ಲ. ತಾನು ಉಳಿದದ್ದು ಅದೃಷ್ಟದಿಂದಲೋ ದೈವಕೃಪೆಯಿಂದಲೋ ಎಂದು ಅವನು ಬಿಟ್ಟುಬಿಡುತ್ತಾನೆ. ಅದೇ ಗ್ರಂಥದ ಹಳೆಯ ಸ್ಲಾವೊನಿಕ್ ಅನುವಾದ ಮಾತ್ರ ಅವನು ಜಾಣತನದಿಂದ ಎಣಿಸಿ ಎಲ್ಲರನ್ನೂ ವಂಚಿಸಿದ ಎನ್ನುತ್ತದೆ. ಯುರೋಪಿನ ಲೆಕ್ಕದ ಪುಸ್ತಕಗಳಲ್ಲಿ ವೃತ್ತದ ಎಣಿಕೆಯ ಸಮಸ್ಯೆ ಜೋಸೆಫಸನ ಹೆಸರು ಸೇರುವ ಮೊದಲೇ ಬೇರೆ ಕಥೆಗಳೊಡನೆ ಇತ್ತು. 16ನೆಯ ಶತಮಾನದಲ್ಲಿ ಇಟಲಿಯ ಕಾರ್ಡಾನೊ ಅದಕ್ಕೆ ಜೋಸೆಫಸನ ಹೆಸರು ಜೋಡಿಸಿದ. 1612ರಲ್ಲಿ ಫ್ರಾನ್ಸಿನ ಬಾಶೆ ತನ್ನ ಮನರಂಜನೆಯ ಲೆಕ್ಕಗಳ ಪುಸ್ತಕದಲ್ಲಿ 41 ಜನ, ಪ್ರತಿ ಮೂರನೆಯವನ ಸಾವು ಎಂದು ಅದಕ್ಕೆ ಈಗಿನ ರೂಪ ಕೊಟ್ಟ. ಆದ್ದರಿಂದ ಜೋಸೆಫಸ್ ಈ ಲೆಕ್ಕ ಮಾಡಿ ಬದುಕಿಕೊಂಡ ಎಂದು ಪಠ್ಯಗಳಲ್ಲಿ ಕಾಣುವ ಮಾತನ್ನು ಇತಿಹಾಸವೆಂದು ತೆಗೆದುಕೊಳ್ಳಬಾರದು. ಎರಡನೆಯವರನ್ನು ತೆಗೆಯುವ ರೂಪವನ್ನು ವಿದ್ಯಾರ್ಥಿಗಳಲ್ಲಿ ಹೆಚ್ಚು ಪರಿಚಿತಗೊಳಿಸಿದ್ದು ಗ್ರಹಾಂ, ಕ್ನೂತ್, ಪಟಾಷ್ನಿಕ್ ಸೇರಿ 1989ರಲ್ಲಿ ಪ್ರಕಟಿಸಿದ ‘ಕಾಂಕ್ರೀಟ್ ಮ್ಯಾಥಮ್ಯಾಟಿಕ್ಸ್’. ಅದರ ಮೊದಲ ಅಧ್ಯಾಯದಲ್ಲೇ ಈ ಸಮಸ್ಯೆ ಇದೆ.

ಕೈಯಲ್ಲಿ ಮಾಡಿ ನೋಡಿದಾಗ

13 ಜನರ ವೃತ್ತವನ್ನು ತೆಗೆದುಕೊಳ್ಳೋಣ. ಮೊದಲ ಸುತ್ತಿನಲ್ಲಿ 2, 4, 6, 8, 10, 12 ಹೊರಗೆ ಹೋಗುತ್ತಾರೆ. 12ನೆಯವರು ಹೋದ ಮೇಲೆ ಬಿಡುವ ಸರದಿ 13ನೆಯವರದು. ಹಾಗಾಗಿ ಎರಡನೆಯ ಸುತ್ತಿನಲ್ಲಿ ಮೊದಲು ಹೋಗುವವರು 1ನೆಯವರೇ. ಆಮೇಲೆ 3ನೆಯವರನ್ನು ಬಿಟ್ಟು 5, 7ನೆಯವರನ್ನು ಬಿಟ್ಟು 9, 11ನೆಯವರನ್ನು ಬಿಟ್ಟು 13. ಈಗ ಉಳಿದವರು 3, 7, 11. ಇವರಲ್ಲಿ 3ನೆಯವರನ್ನು ಬಿಟ್ಟು 7ನೆಯವರು ಹೋಗುತ್ತಾರೆ, 11ನೆಯವರನ್ನು ಬಿಟ್ಟು 3ನೆಯವರು ಹೋಗುತ್ತಾರೆ. ಉಳಿಯುವವರು 11ನೆಯವರು.

ಹೀಗೆ ಒಂದರಿಂದ ಹದಿನಾರರವರೆಗಿನ ಸಂಖ್ಯೆಯ ಜನರಿಗೆ ಮಾಡಿ ಉತ್ತರಗಳನ್ನು ಸಾಲಾಗಿ ಬರೆದರೆ ಸಿಗುವುದು ಇದು: ಒಬ್ಬರಿಗೆ 1; ಇಬ್ಬರಿಗೆ ಮತ್ತು ಮೂವರಿಗೆ 1, 3; ನಾಲ್ಕರಿಂದ ಏಳು ಜನರಿಗೆ 1, 3, 5, 7; ಎಂಟರಿಂದ ಹದಿನೈದು ಜನರಿಗೆ 1, 3, 5, 7, 9, 11, 13, 15; ಹದಿನಾರು ಜನರಿಗೆ ಮತ್ತೆ 1. ಉತ್ತರ ಯಾವಾಗಲೂ ಬೆಸ ಸಂಖ್ಯೆ. ಒಬ್ಬರು ಹೆಚ್ಚಾದಂತೆಲ್ಲ ಉತ್ತರ ಎರಡು ಸ್ಥಾನ ಮುಂದೆ ಸರಿಯುತ್ತದೆ. ಜನರ ಸಂಖ್ಯೆ 2, 4, 8, 16 ಆದಾಗಲೆಲ್ಲ, ಅಂದರೆ ಎರಡರ ಘಾತವಾದಾಗಲೆಲ್ಲ, ಅದು 1ಕ್ಕೆ ಮರಳುತ್ತದೆ. ಇಷ್ಟನ್ನು ನೋಡಿದ ಯಾರಾದರೂ ಸೂತ್ರವನ್ನು ಊಹಿಸಿಬಿಡಬಹುದು. ಆದರೆ ಊಹಿಸಿದ ಸೂತ್ರಕ್ಕಿಂತ ಅದು ಏಕೆ ಸರಿ ಎಂಬುದೇ ಇಲ್ಲಿ ಹೆಚ್ಚು ಸೊಗಸಾದ ಭಾಗ.

ಏಕೆ ಹೀಗೆ

16 ಜನರಿದ್ದಾರೆ ಎಂದುಕೊಳ್ಳಿ. ಮೊದಲ ಸುತ್ತಿನಲ್ಲಿ ಸಮ ಸಂಖ್ಯೆಯ ಎಂಟು ಮಂದಿ ಹೋಗುತ್ತಾರೆ. ಕೊನೆಗೆ ಹೋದವರು 16ನೆಯವರು, ಆದ್ದರಿಂದ ಬಿಡುವ ಸರದಿ ಮತ್ತೆ ಸರಿಯಾಗಿ 1ನೆಯವರಿಗೇ ಬರುತ್ತದೆ. ಈಗ ಎಂಟು ಜನ, ಎಣಿಕೆ ಶುರುವಾಗುವುದು 1ನೆಯವರಿಂದ. ಮುಂದಿನ ಸುತ್ತಿನ ನಂತರ ನಾಲ್ಕು, ಆಮೇಲೆ ಎರಡು, ಆಮೇಲೆ ಒಂದು. ಪ್ರತಿ ಬಾರಿಯೂ ಸಂಖ್ಯೆ ಸರಿಯಾಗಿ ಅರ್ಧವಾಗುತ್ತದೆ, ಪ್ರತಿ ಬಾರಿಯೂ ಸುತ್ತು 1ನೆಯವರನ್ನು ಬಿಟ್ಟೇ ಶುರುವಾಗುತ್ತದೆ. ಹಾಗಾಗಿ ಅವರನ್ನು ತೆಗೆಯುವ ಪ್ರಸಂಗವೇ ಬರುವುದಿಲ್ಲ. ಎರಡರ ಘಾತದಷ್ಟು ಜನ ಇರುವಾಗ ಎಣಿಕೆ ಯಾರಿಂದ ಶುರುವಾಗುತ್ತದೋ ಅವರೇ ಉಳಿಯುತ್ತಾರೆ.

ಜನರ ಸಂಖ್ಯೆ ಎರಡರ ಘಾತವಲ್ಲದಿದ್ದರೆ ಏನು ಮಾಡುವುದು? ಅದು ಎರಡರ ಘಾತ ಆಗುವವರೆಗೆ ಕಾದರಾಯಿತು. ಗುಹೆಯಲ್ಲಿದ್ದ 41 ಮಂದಿಯನ್ನೇ ತೆಗೆದುಕೊಳ್ಳಿ. 41ರೊಳಗಿನ ಅತಿ ದೊಡ್ಡ ಎರಡರ ಘಾತ 32. ಹೆಚ್ಚುವರಿ 9 ಜನ. ಮೊದಲು ಹೋಗುವ ಒಂಬತ್ತು ಮಂದಿ 2, 4, 6 ಎಂದು 18ರವರೆಗಿನವರು. ಅವರು ಹೋದ ಕ್ಷಣದಲ್ಲಿ ವೃತ್ತದಲ್ಲಿ ಸರಿಯಾಗಿ 32 ಜನರಿದ್ದಾರೆ, ಮುಂದೆ ಬಿಡಬೇಕಾದವರು 19ನೆಯವರು. ಅಂದರೆ ಅಲ್ಲಿಂದ ಮುಂದೆ 32 ಜನರ ಹೊಸ ಆಟ ಶುರುವಾದಂತೆ, ಅದರ ‘ಒಂದನೆಯವರು’ 19ನೆಯವರು. ಅವರೇ ಉಳಿಯುತ್ತಾರೆ.

ಇದನ್ನೇ ಸೂತ್ರವಾಗಿ ಬರೆಯಬಹುದು. ಜನರ ಸಂಖ್ಯೆ n ಆಗಿದ್ದು, ಅದರೊಳಗಿನ ಅತಿ ದೊಡ್ಡ ಎರಡರ ಘಾತವನ್ನು ಕಳೆದಾಗ ಉಳಿಯುವ ಹೆಚ್ಚುವರಿ l ಆದರೆ, ಕೊನೆಗೆ ಉಳಿಯುವವರ ಸಂಖ್ಯೆ 2l + 1. ಈ ವಾದ ನಿಲ್ಲಬೇಕಾದರೆ ಒಂದು ಸಂಗತಿ ಖಚಿತವಾಗಬೇಕು: ಹೆಚ್ಚುವರಿ l ಜನರನ್ನು ತೆಗೆಯುವಷ್ಟರಲ್ಲಿ ಎಣಿಕೆ ಒಂದು ಸುತ್ತನ್ನು ದಾಟಿರಬಾರದು. ದಾಟಿದರೆ ಹೋದವರು 2, 4, 6 ಎಂಬ ಕ್ರಮದಲ್ಲೇ ಇದ್ದಾರೆ ಎನ್ನಲಾಗದು. ಆದರೆ l ಯಾವಾಗಲೂ ಆ ಎರಡರ ಘಾತಕ್ಕಿಂತ ಕಡಿಮೆ, ಆದ್ದರಿಂದ 2l + 1 ಎಂಬುದು n ಅನ್ನು ಮೀರಲಾರದು. 100 ಜನರಿಗೆ ಹೆಚ್ಚುವರಿ 36, ಉತ್ತರ 73.

ಜೋಸೆಫಸನ ಕಥೆಗೆ ಒಬ್ಬರಲ್ಲ, ಇಬ್ಬರು ಬೇಕು. ಕೊನೆಯ ಇಬ್ಬರಲ್ಲಿ ಇನ್ನೊಬ್ಬರು ಯಾರೆಂಬುದನ್ನೂ ಇದೇ ವಾದದಿಂದ ಹೇಳಬಹುದು. 32 ಜನರ ವೃತ್ತ ಅರ್ಧರ್ಧವಾಗುತ್ತ ಎರಡಕ್ಕೆ ಇಳಿದಾಗ ಉಳಿದಿರುವವರು ಶುರುವಿನವರು ಮತ್ತು ಅವರ ನೇರ ಎದುರಿಗಿರುವವರು, ಅಂದರೆ ಹೊಸ ಎಣಿಕೆಯಲ್ಲಿ 17ನೆಯವರು. 19ರಿಂದ ಶುರುವಾದ ಹೊಸ ಎಣಿಕೆಯಲ್ಲಿ 19ರಿಂದ 41ರವರೆಗೆ ಯಾರೂ ಹೋಗಿರುವುದಿಲ್ಲ, ಆದ್ದರಿಂದ 17ನೆಯ ಸ್ಥಾನದಲ್ಲಿರುವುದು 35. ಎರಡನೆಯವರನ್ನು ಕೊಲ್ಲುವ ನಿಯಮ ಆ ಗುಹೆಯಲ್ಲಿ ನಡೆದಿದ್ದರೆ ಜೋಸೆಫಸನಿಗೂ ಅವನ ಸಂಗಾತಿಗೂ ಬೇಕಾಗಿದ್ದ ಜಾಗಗಳು 19 ಮತ್ತು 35.

ಅರ್ಧ ಮಾಡುತ್ತ ಹೋಗುವ ದಾರಿ

ಇದೇ ಉತ್ತರಕ್ಕೆ ಇನ್ನೊಂದು ದಾರಿಯಿದೆ. ಒಂದು ಸುತ್ತು ಮುಗಿದ ಮೇಲೆ ಉಳಿದವರಿಗೆ ಮತ್ತೆ 1, 2, 3 ಎಂದು ಹೊಸ ಸಂಖ್ಯೆ ಹಚ್ಚುವುದು. ಜನರ ಸಂಖ್ಯೆ ಸಮವಾಗಿದ್ದರೆ 1, 3, 5 ಎಂಬ ಬೆಸ ಸಂಖ್ಯೆಯವರು ಉಳಿಯುತ್ತಾರೆ. ಹೊಸ ಸಂಖ್ಯೆಯನ್ನು ಎರಡರಿಂದ ಗುಣಿಸಿ ಒಂದು ಕಳೆದರೆ ಹಳೆಯ ಸಂಖ್ಯೆ. ಜನರ ಸಂಖ್ಯೆ ಬೆಸವಾಗಿದ್ದರೆ ಸಮ ಸಂಖ್ಯೆಯವರ ಹಿಂದೆಯೇ 1ನೆಯವರೂ ಹೋಗುತ್ತಾರೆ, 3, 5, 7 ಹೀಗೆ ಉಳಿಯುತ್ತಾರೆ. ಆಗ ಎರಡರಿಂದ ಗುಣಿಸಿ ಒಂದು ಕೂಡಿಸಬೇಕು. 41 ಜನ 20 ಆಗುತ್ತಾರೆ, ಆಮೇಲೆ 10, 5, 2, 1. ಕೊನೆಯಿಂದ ಹಿಂದಕ್ಕೆ ಬಂದರೆ, ಒಬ್ಬರಿದ್ದಾಗ ಉತ್ತರ 1, ಇಬ್ಬರಿದ್ದಾಗಲೂ 1, ಐವರಿದ್ದಾಗ 3, ಹತ್ತು ಜನರಿದ್ದಾಗ 5, ಇಪ್ಪತ್ತಕ್ಕೆ 9, ನಲವತ್ತೊಂದಕ್ಕೆ 19.

ಈ ಅರ್ಧ ಮಾಡುವಿಕೆ ದ್ವಿಮಾನ ಪದ್ಧತಿಯಲ್ಲಿ, ಅಂದರೆ 0 ಮತ್ತು 1 ಎರಡೇ ಅಂಕಿಗಳಲ್ಲಿ ಬರೆದಾಗ, ಕಣ್ಣಿಗೇ ಕಾಣುತ್ತದೆ. 41 ಎಂದರೆ 101001. ಎಡತುದಿಯ 1 ಅನ್ನು ಕಿತ್ತು ಬಲತುದಿಗೆ ಹಚ್ಚಿದರೆ 010011, ಅದು 19. ಕಾರಣ ಸರಳ. ಎಡತುದಿಯ 1 ಅನ್ನು ಅಳಿಸುವುದೆಂದರೆ ಅತಿ ದೊಡ್ಡ ಎರಡರ ಘಾತವನ್ನು ಕಳೆಯುವುದು. ಬಲತುದಿಗೆ ಒಂದು ಅಂಕಿ ಸೇರಿಸುವುದೆಂದರೆ ಎರಡರಿಂದ ಗುಣಿಸುವುದು. ಆ ಅಂಕಿ 1 ಆದರೆ ಒಂದನ್ನೂ ಕೂಡಿಸಿದಂತಾಯಿತು.

ಬಂದ ಉತ್ತರವನ್ನೇ ಮತ್ತೆ ಜನರ ಸಂಖ್ಯೆಯೆಂದು ತೆಗೆದುಕೊಂಡು ಇದನ್ನು ಮುಂದುವರಿಸಬಹುದು. ಮೊದಲೇ ಬಂದ ಸೊನ್ನೆಗೆ ಬೆಲೆಯಿಲ್ಲ, ಅದು ಉದುರಿಹೋಗುತ್ತದೆ. 41ರಿಂದ 19, 19ರಿಂದ 7, 7ರಿಂದ 7. ಅಲ್ಲಿಗೆ ನಿಲ್ಲುತ್ತದೆ, ಏಕೆಂದರೆ 7 ಎಂದರೆ 111, ಉದುರಲು ಸೊನ್ನೆಯೇ ಇಲ್ಲ. 41ರಲ್ಲಿ ಮೂರು 1 ಇದ್ದವು, ಮೂರೂ ಹಾಗೇ ಉಳಿದಿವೆ.

ಇಸ್ಪೀಟಿನಲ್ಲಿ

ಜಾದೂಗಾರರಿಗೆ ಈ ಎಣಿಕೆ ಬೇರೊಂದು ದಾರಿಯಿಂದ ಪರಿಚಿತ. ಎಲೆಗಳ ಕಟ್ಟನ್ನು ಕೈಯಲ್ಲಿ ಹಿಡಿದು ಮೇಲಿನ ಎಲೆಯನ್ನು ಅಡಿಗೆ ಹಾಕುವುದು, ಅದರ ಮುಂದಿನದನ್ನು ಮೇಜಿನ ಮೇಲೆ ಇಡುವುದು, ಮತ್ತೆ ಒಂದನ್ನು ಅಡಿಗೆ, ಒಂದನ್ನು ಮೇಜಿಗೆ. ಕೈಯಲ್ಲಿರುವ ಕಟ್ಟು ಇಲ್ಲಿ ವೃತ್ತದ ಕೆಲಸ ಮಾಡುತ್ತದೆ. ಅಡಿಗೆ ಹೋದ ಎಲೆ ಸರದಿ ಬಂದಾಗ ಮತ್ತೆ ಮೇಲೆ ಬರುತ್ತದೆ. 52 ಎಲೆಗಳಿದ್ದರೆ 32ರ ಮೇಲಿನ ಹೆಚ್ಚುವರಿ 20. ಆದ್ದರಿಂದ ಮೇಲಿನಿಂದ 41ನೆಯ ಸ್ಥಾನದಲ್ಲಿದ್ದ ಎಲೆ ಕೊನೆಗೆ ಕೈಯಲ್ಲಿ ಉಳಿಯುತ್ತದೆ. ನೋಡುವವರು ಆರಿಸಿದ ಎಲೆಯನ್ನು ಆ ಜಾಗದಲ್ಲಿ ಇಡಲು ತಿಳಿದಿದ್ದರೆ ಸಾಕು.

ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಜೋಡಣೆ ಇದೆ. ಒಂದೇ ಬಣ್ಣದ 13 ಎಲೆಗಳನ್ನು ಮೇಲಿನಿಂದ ಹೀಗೆ ಜೋಡಿಸಿ: 7, ಎಕ್ಕ, ರಾಣಿ, 2, 8, 3, ಗುಲಾಮ, 4, 9, 5, ರಾಜ, 6, 10. ಈಗ ಒಂದನ್ನು ಅಡಿಗೆ, ಒಂದನ್ನು ಮೇಜಿಗೆ ಹಾಕುತ್ತ ಹೋದರೆ ಎಲೆಗಳು ಎಕ್ಕದಿಂದ ರಾಣಿಯವರೆಗೆ ಕ್ರಮವಾಗಿ ಹೊರಬೀಳುತ್ತವೆ, ಕೊನೆಗೆ ಕೈಯಲ್ಲಿ ರಾಜ ಉಳಿಯುತ್ತಾನೆ. ಈ ಜೋಡಣೆ ಬಂದದ್ದು ಮೇಲೆ 13 ಜನರಿಗೆ ಮಾಡಿದ ಎಣಿಕೆಯಿಂದಲೇ. ಅಲ್ಲಿ ಮೊದಲು ಹೋದವರು 2ನೆಯವರು, ಆದ್ದರಿಂದ ಎಕ್ಕ 2ನೆಯ ಜಾಗದಲ್ಲಿದೆ. ಏಳನೆಯವರಾಗಿ ಹೊರಬಿದ್ದವರು 1ನೆಯವರು, ಆದ್ದರಿಂದ 7 ಎಲ್ಲಕ್ಕಿಂತ ಮೇಲಿದೆ. ಉಳಿದವರು 11ನೆಯವರು, ರಾಜನ ಜಾಗವೂ ಅದೇ.

ಎಲ್ಲಿ ತಪ್ಪುತ್ತದೆ

ಉತ್ತರಗಳು ಒಂದರಿಂದೊಂದು ಬೇರೆಯಾಗುವುದು ಬಹುಮಟ್ಟಿಗೆ ಶುರುವಿನ ನಿಯಮದಲ್ಲಿ. ಮೊದಲು ಹೋಗುವವರು 2ನೆಯವರ ಬದಲು 1ನೆಯವರೇ ಎಂದಾದರೆ, ಇಡೀ ಆಟ ಒಂದು ಸ್ಥಾನ ಹಿಂದಕ್ಕೆ ಸರಿದಂತಾಗುತ್ತದೆ, ಉತ್ತರ 2l ಆಗುತ್ತದೆ. 41 ಜನರಿಗೆ 18, 52 ಎಲೆಗಳಿಗೆ 40. ಈ ನಿಯಮದಲ್ಲಿ ಜನರ ಸಂಖ್ಯೆ ಎರಡರ ಘಾತವಾಗಿದ್ದರೆ 2l ಸೊನ್ನೆ ಆಗುತ್ತದೆ. ಆಗ ಉಳಿಯುವವರು 1ರ ಹಿಂದೆ ನಿಂತಿರುವವರು, ಅಂದರೆ ಕೊನೆಯ ಸಂಖ್ಯೆಯವರು. ಪ್ರೋಗ್ರಾಂ ಬರೆಯುವವರು ಸೊನ್ನೆಯಿಂದ ಎಣಿಸಿದಾಗಲೂ ಉತ್ತರ ಒಂದು ಕಡಿಮೆ ಬರುತ್ತದೆ. ಹಾಗಾಗಿ ಸಮ ಸಂಖ್ಯೆಯ ಉತ್ತರ ಬಂದರೆ ಅದು ಲೆಕ್ಕದ ತಪ್ಪು ಎನ್ನುವ ಮೊದಲು ಎಣಿಕೆ ಎಲ್ಲಿಂದ ಶುರುವಾಯಿತು ಎಂಬುದನ್ನು ನೋಡಬೇಕು. 16 ಜನರಿಗೆ ಮಾಡಿ ನೋಡುವುದೇ ಒಳ್ಳೆಯ ಪರೀಕ್ಷೆ: ಈ ಲೇಖನದ ನಿಯಮವಾದರೆ 1 ಬರಬೇಕು, ಇನ್ನೊಂದಾದರೆ 16.

ಇನ್ನೊಂದು ಗೊಂದಲ ವೃತ್ತಕ್ಕೂ ಸಾಲಿಗೂ ಆಗುವುದು. 100 ಜನ ಸಾಲಾಗಿ ನಿಂತು, ಪ್ರತಿ ಸುತ್ತಿನಲ್ಲೂ ಸಾಲಿನ ಮೊದಲಿನಿಂದ ಎಣಿಸಿ ಬೆಸ ಸ್ಥಾನದವರನ್ನೆಲ್ಲ ತೆಗೆದರೆ ಉಳಿಯುವವರು 64ನೆಯವರು, ಅಂದರೆ 100ರೊಳಗಿನ ಅತಿ ದೊಡ್ಡ ಎರಡರ ಘಾತ. ಇದು ಬೇರೆಯೇ ಸಮಸ್ಯೆ. ಸಾಲಿನಲ್ಲಿ ಸುತ್ತು ಮುಗಿದಾಗ ಸರದಿ ಅಳಿಸಿಹೋಗಿ ಹೊಸದಾಗಿ ಶುರುವಾಗುತ್ತದೆ. ವೃತ್ತದಲ್ಲಿ ಹಿಂದಿನ ಸುತ್ತು ಬಿಟ್ಟ ಕಡೆಯಿಂದಲೇ ಮುಂದುವರಿಯುತ್ತದೆ. 64 ಎಂಬ ಉತ್ತರವನ್ನು 100 ಜನರ ವೃತ್ತಕ್ಕೆ ಹೇಳುವವರು ಈ ಎರಡನ್ನು ಕಲಸಿಕೊಂಡಿರುತ್ತಾರೆ.

ಮೂರು ಮತ್ತು ಅದರಾಚೆ

ಪ್ರತಿ ಮೂರನೆಯವರನ್ನು ತೆಗೆಯುವಾಗ ಸುತ್ತು ಸರಿಯಾಗಿ ಅರ್ಧವಾಗುವ ಅನುಕೂಲ ಹೊರಟುಹೋಗುತ್ತದೆ. ಹಳೆಯ ಕಥೆಗಳೆಲ್ಲ ಬಹುಮಟ್ಟಿಗೆ ಇಂಥ ದೊಡ್ಡ ಎಣಿಕೆಗಳವು. ಯುರೋಪಿನಲ್ಲಿ ಮುಳುಗುವ ಹಡಗಿನ 30 ಪ್ರಯಾಣಿಕರಲ್ಲಿ ಪ್ರತಿ ಒಂಬತ್ತನೆಯವರನ್ನು ಸಮುದ್ರಕ್ಕೆ ಎಸೆಯುವ ಲೆಕ್ಕವಿತ್ತು. ಜಪಾನಿನಲ್ಲಿ 1627ರ ‘ಜಿಂಕೋಕಿ’ ಎಂಬ ಗಣಿತ ಪುಸ್ತಕದಲ್ಲಿ ಸ್ವಂತ ಮಕ್ಕಳನ್ನೂ ಮಲಮಕ್ಕಳನ್ನೂ ಸೇರಿಸಿ 30 ಮಂದಿಯನ್ನು ನಿಲ್ಲಿಸಿ ಪ್ರತಿ ಹತ್ತನೆಯವರನ್ನು ತೆಗೆಯುವ ಲೆಕ್ಕವಿದೆ. ಇವುಗಳಲ್ಲಿ ಉಳಿಯುವ ಒಬ್ಬರಿಗಿಂತ ಯಾವ ಜಾಗಗಳಲ್ಲಿ ಯಾರನ್ನು ನಿಲ್ಲಿಸಬೇಕು ಎಂಬುದೇ ಪ್ರಶ್ನೆ.

ಸಾಮಾನ್ಯ ರೂಪಕ್ಕೆ ದಾರಿ ತೋರಿಸಿದವನು ಆಯ್ಲರ್, 1776ರಲ್ಲಿ ಪ್ರಕಟವಾದ ಲೇಖನದಲ್ಲಿ. ಅವನ ಯೋಚನೆ ಕೊನೆಯಿಂದ ಹಿಂದಕ್ಕೆ ಬರುವಂಥದು. ಒಬ್ಬರೇ ಇದ್ದರೆ ಉತ್ತರ ಗೊತ್ತು. ವೃತ್ತಕ್ಕೆ ಒಬ್ಬರು ಹೆಚ್ಚಾದರೆ, ಮೊದಲು ಒಬ್ಬರು ಹೋದ ಮೇಲೆ ಹಿಂದಿನ ಆಟವೇ ಎಣಿಕೆಯಷ್ಟು ಸ್ಥಾನ ಮುಂದಿನಿಂದ ಶುರುವಾಗುತ್ತದೆ. ಆದ್ದರಿಂದ ಹಿಂದಿನ ಉತ್ತರಕ್ಕೆ ಎಣಿಕೆಯ ಸಂಖ್ಯೆಯನ್ನು ಕೂಡಿಸಿ, ವೃತ್ತವನ್ನು ದಾಟಿದರೆ ಸುತ್ತಿಬರಬೇಕು. ಇದನ್ನು ಹಾಗೆಯೇ ಪ್ರೋಗ್ರಾಂ ಆಗಿ ಬರೆಯಬಹುದು:

```python
def uliyuvavaru(n, k):
    r = 0
    for i in range(2, n + 1):
        r = (r + k) % i
    return r + 1
```

ಒಳಗೆ ಲೆಕ್ಕ ಸೊನ್ನೆಯಿಂದ ನಡೆಯುತ್ತದೆ, ಸುತ್ತಿಬರಲು ಶೇಷ ತೆಗೆಯುವಾಗ ಅದು ಅನುಕೂಲ. ಒಂದನ್ನು ಕೂಡಿಸುವುದು ಕೊನೆಯಲ್ಲಿ ಒಮ್ಮೆ ಮಾತ್ರ. `uliyuvavaru(41, 2)` ಕೊಡುವುದು 19, `uliyuvavaru(41, 3)` ಕೊಡುವುದು 31. ಬಾಶೆಯ ಲೆಕ್ಕದಲ್ಲಿ ಜೋಸೆಫಸನಿಗೂ ಅವನ ಸಂಗಾತಿಗೂ ಸುರಕ್ಷಿತವಾದ ಜಾಗಗಳು 16 ಮತ್ತು 31. ಕಾಲೇಜಿನ ಪಾಠಗಳಲ್ಲಿ ಇದೇ ಕೆಲಸವನ್ನು ವೃತ್ತಾಕಾರದ ಲಿಂಕ್ಡ್ ಲಿಸ್ಟ್‌ನಿಂದ ಒಬ್ಬೊಬ್ಬರನ್ನೇ ಅಳಿಸುತ್ತ ಮಾಡಿಸುತ್ತಾರೆ. ಯಾರು ಯಾವ ಕ್ರಮದಲ್ಲಿ ಹೋದರು ಎಂಬುದು ಬೇಕಾದಾಗ ಆ ವಿಧಾನವೇ ಸರಿ. ಕೊನೆಯವರು ಮಾತ್ರ ಬೇಕಾದರೆ ಮೇಲಿನ ಐದು ಸಾಲು ಸಾಕು, ಎರಡರ ಎಣಿಕೆಗಂತೂ ಅವೂ ಬೇಡ, 2l + 1 ಸಾಕು.

ಮೂರಕ್ಕೂ ಎರಡರ ಘಾತಗಳಂಥ ಒಂದು ಸಾಲು ಇದೆ. ಒಂದರಿಂದ ಶುರುಮಾಡಿ, ಪ್ರತಿ ಸಂಖ್ಯೆಯನ್ನೂ ಒಂದೂವರೆ ಪಟ್ಟು ಮಾಡುತ್ತ, ಭಿನ್ನರಾಶಿ ಬಂದರೆ ಮೇಲಿನ ಪೂರ್ಣಾಂಕಕ್ಕೆ ಏರಿಸಿ ಬರೆಯುವುದು: 1, 2, 3, 5, 8, 12, 18, 27, 41, 62, 93. ಜನರ ಸಂಖ್ಯೆಯ ಎರಡರಷ್ಟನ್ನು, 41 ಜನರಿಗಾದರೆ 82 ಅನ್ನು, ಮೊದಲು ದಾಟುವ ಸಂಖ್ಯೆ 93. ಜನರ ಸಂಖ್ಯೆಯ ಮೂರರಷ್ಟಕ್ಕೆ ಒಂದು ಕೂಡಿಸಿ, 124ರಿಂದ, ಅದನ್ನು ಕಳೆದರೆ 31. ಎರಡರ ಎಣಿಕೆಗೂ ಇದೇ ವಿಧಾನ ಹೊಂದುತ್ತದೆ. ಅಲ್ಲಿ ಒಂದೂವರೆ ಪಟ್ಟಿನ ಬದಲು ಎರಡು ಪಟ್ಟು, ಸಾಲು 1, 2, 4, 8, 16, 32, 64. 41 ಅನ್ನು ದಾಟುವ ಮೊದಲ ಸಂಖ್ಯೆ 64. 41ರ ಎರಡರಷ್ಟಕ್ಕೆ ಒಂದು ಸೇರಿ 83, ಅದರಿಂದ 64 ಕಳೆದರೆ 19. ವ್ಯತ್ಯಾಸ ಇರುವುದು ಮೇಲಕ್ಕೆ ಏರಿಸುವುದರಲ್ಲಿ. ಎರಡು ಪಟ್ಟು ಮಾಡುವಾಗ ಭಿನ್ನರಾಶಿ ಬರುವುದೇ ಇಲ್ಲ, ಸಾಲಿನ ಯಾವ ಸಂಖ್ಯೆಯನ್ನಾದರೂ ನೇರವಾಗಿ ಬರೆಯಬಹುದು. ಒಂದೂವರೆ ಪಟ್ಟು ಮಾಡುವಾಗ ಅಲ್ಲಲ್ಲಿ ಅರ್ಧವನ್ನು ಸೇರಿಸಬೇಕಾಗುತ್ತದೆ, ಯಾವ ಹೆಜ್ಜೆಯಲ್ಲಿ ಸೇರಿಸಬೇಕು ಎಂಬುದು ಅದರ ಹಿಂದಿನ ಸಂಖ್ಯೆ ಬೆಸವೋ ಸಮವೋ ಎಂಬುದರ ಮೇಲೆ ನಿಂತಿದೆ. 1991ರಲ್ಲಿ ಓಡ್ಲಿಝ್ಕೊ ಮತ್ತು ವಿಲ್ಫ್ ಈ ಸಾಲು ಒಂದು ಸ್ಥಿರಾಂಕ ಮತ್ತು ಒಂದೂವರೆಯ ಘಾತಗಳ ಗುಣಲಬ್ಧವನ್ನು ಅನುಸರಿಸುತ್ತದೆ ಎಂದು ತೋರಿಸಿದರು. ಆ ಸ್ಥಿರಾಂಕ ಸುಮಾರು 1.622. ಅದನ್ನು ಹೆಚ್ಚು ದಶಾಂಶಗಳವರೆಗೆ ಪಡೆಯಲು ಅವರ ವಿಧಾನದಲ್ಲೂ ಅದೇ ಸಾಲನ್ನು ಮುಂದಕ್ಕೆ ಬೆಳೆಸುತ್ತ ಹೋಗಬೇಕು.